ಪುಡಿಯಲ್ಲಿ ಕಾಣದ ಹನ್ನೆರಡು ಕಿಲೋ

ಬ್ಯಾಡಗಿ ಮೆಣಸಿನಕಾಯಿ ಕಿಲೋಗೆ 300 ರೂಪಾಯಿ, ಬೀಸಲು 30, ಒಟ್ಟು 330 ಎಂದು ಬೆಲೆ ಕಟ್ಟುವ ಮಸಾಲೆ ಪುಡಿ ಮಾಲೀಕರಿಗೆ ಕಾಸ್ಟ್ ಅಕೌಂಟೆಂಟ್ ಬರೆಯುವ ಪತ್ರ ಹೀಗಿರಬಹುದು:

‘ಮಾನ್ಯರೇ, ನೀವು ಕೊಂಡ 100 ಕಿಲೋ ಕಾಯಿಯಲ್ಲಿ ತೊಟ್ಟು, ತೇವ, ದೂಳು ಹೋಗಿ 88 ಕಿಲೋ ಪುಡಿ ಸಿಗುತ್ತದೆ ಎಂದಿಟ್ಟುಕೊಳ್ಳಿ. 30,000 ರೂಪಾಯಿಯನ್ನು 88ರಿಂದ ಭಾಗಿಸಿದರೆ ಕಾಯಿಯ ಖರ್ಚೇ ಕಿಲೋಗೆ ಸುಮಾರು 341. ಬೀಸುವುದೂ ಸೇರಿ 371. ಪ್ಯಾಕೆಟ್, ಬಾಡಿಗೆ ಇನ್ನೂ ಸೇರಿಲ್ಲ. ಹಾಗಾಗಿ ಪ್ರತಿ ಬ್ಯಾಚಿಗೂ ಒಂದು ಕಾರ್ಡ್ ಇಡಿ: ಒಳಹೋದ ತೂಕ, ಹೊರಬಂದ ತೂಕ, ಕೂಲಿ, ಗಿರಣಿ ಓಡಿದ ಗಂಟೆ. 12 ಕಿಲೋ ಸಹಜ ನಷ್ಟ, ಅದು ಬೆಲೆಯಲ್ಲೇ ಇರಲಿ. 85 ಕಿಲೋ ಮಾತ್ರ ಬಂದ ದಿನ ಆ ಹೆಚ್ಚುವರಿ 3 ಕಿಲೋ ಅಸಹಜ ನಷ್ಟ. ಅದನ್ನು ಗಿರಾಕಿಯ ಮೇಲೆ ಹೇರದೆ ಲಾಭ-ನಷ್ಟದ ಖಾತೆಗೆ ಬರೆಯೋಣ. ಕಾಯಿ ಹಸಿಯಿತ್ತೋ, ಜರಡಿ ಹರಿದಿತ್ತೋ ಅವತ್ತೇ ನೋಡಿ.’

ತಕ್ಕಡಿಯೊಂದಿದ್ದರೆ ಸಾಕು, ಕಂಪ್ಯೂಟರ್ ಆಮೇಲೆ.