ಕೇರ್‌ಟೇಕರ್ ಕೈಯಲ್ಲೊಂದು ಅಳತೆ ಕೋಲು

ಬೆಂಗಳೂರಿನ ಇಪ್ಪತ್ತು-ಮೂವತ್ತು ಮನೆಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಕೇರ್‌ಟೇಕರ್‌ಗೆ ಕೆಲಸ ಹೇಳುವವರು ಬಹಳ ಜನ. ಒಬ್ಬರು ಕಾರು ತೊಳೆಸುತ್ತಾರೆ, ಇನ್ನೊಬ್ಬರು ತರಕಾರಿಗೆ ಕಳಿಸುತ್ತಾರೆ. ಅಷ್ಟರಲ್ಲಿ ಟ್ಯಾಂಕ್ ಖಾಲಿಯಾದರೆ ಬೈಗುಳವೂ ಅವನಿಗೇ. ಅದಕ್ಕೇ ಸೇರಿಸಿಕೊಳ್ಳುವ ದಿನವೇ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಡಬೇಕು: ಆದೇಶ ಕೊಡುವವರು ಕಾರ್ಯದರ್ಶಿ ಒಬ್ಬರೇ, ಕೇಳದೆ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು, ಯಾವ ಕೆಲಸ ಅವನದು, ಯಾವುದಕ್ಕೆ ಕೈ ಹಾಕಲೇಬಾರದು. ಕೊನೆಯದು ಜೀವದ ಪ್ರಶ್ನೆ. ಸಂಪ್‌ನೊಳಗೆ ಇಳಿಯಬಾರದು, ಅಲ್ಲಿ ಗಾಳಿ ಸಾಲದೆ ಪ್ರಜ್ಞೆ ತಪ್ಪಬಹುದು. ಲಿಫ್ಟ್ ನಡುವೆ ನಿಂತರೆ ಬಾಗಿಲು ಮೀಟಬಾರದು. ಒಳಗಿರುವವರ ಜೊತೆ ಮಾತಾಡುತ್ತಾ ಲಿಫ್ಟ್ ಕಂಪನಿಯವರನ್ನು ಕರೆಸಬೇಕು.

ಬೆಳಗಿನ ಸುತ್ತು ಟೆರೇಸ್‌ನಿಂದ ಶುರುವಾಗಲಿ. ಟ್ಯಾಂಕ್ ಮಟ್ಟ ಬರೆದುಕೊಂಡು, ಮೆಟ್ಟಿಲಲ್ಲೇ ಇಳಿದು ಬಂದರೆ ಆರಿದ ಬಲ್ಬು, ಗುಡಿಸದ ಮೂಲೆ, ಒದ್ದೆಯಾದ ಗೋಡೆ ತಾವಾಗಿ ಕಣ್ಣಿಗೆ ಬೀಳುತ್ತವೆ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಬೆಳೆದು ಹಾರಲು ಹೆಚ್ಚುಕಡಿಮೆ ಅಷ್ಟೇ ಸಮಯ ಸಾಕು. ಕೆಳಗೆ ಹಸಿ ಕಸ, ಒಣ ಕಸ ಬೇರೆಯಾಗಿದೆಯೇ, ಸಂಪ್‌ನ ಮುಚ್ಚಳಕ್ಕೆ ಬೀಗವಿದೆಯೇ ಎಂದು ನೋಡಿದರೆ ಸುತ್ತು ಮುಗಿಯಿತು.

ಟ್ಯಾಂಕ್ ಮಟ್ಟ ಬರೆದಿಡುವುದರ ಬೆಲೆ ತಿಳಿಯುವುದು ದೂರು ಬಂದಾಗ. ‘ನೀರು ಬೇಗ ಖಾಲಿಯಾಗುತ್ತಿದೆ, ಟ್ಯಾಂಕರ್ ಖರ್ಚು ಏರಿದೆ’ ಎಂದು ಮಾಲೀಕರು ಹೇಳುತ್ತಾರೆ ಎನ್ನಿ. ಟ್ಯಾಂಕ್ 3 ಮೀಟರ್ ಉದ್ದ, 2 ಮೀಟರ್ ಅಗಲವಿದ್ದರೆ ಒಂದು ಸೆಂಟಿಮೀಟರ್ ಇಳಿದಾಗ 60 ಲೀಟರ್ ಹೋಗಿರುತ್ತದೆ. ಮೋಟಾರ್ ನಿಲ್ಲಿಸಿ ರಾತ್ರಿ 12ಕ್ಕೆ ಕೋಲು ಇಳಿಸಿ ಅಳೆದು, 4ಕ್ಕೆ ಮತ್ತೆ ಅಳೆಯಲಿ. 10 ಸೆಂಟಿಮೀಟರ್ ಇಳಿದಿದ್ದರೆ, ಎಲ್ಲರೂ ಮಲಗಿದ ಹೊತ್ತಿನಲ್ಲಿ 600 ಲೀಟರ್ ಹರಿದಿದೆ. ಒಬ್ಬಿಬ್ಬರು ಎದ್ದು ಬಳಸಿದ ಲೆಕ್ಕಕ್ಕೆ ಇದು ಬಹಳ ಹೆಚ್ಚು.

ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಗೋಡೆ ಒಡೆಯಬೇಕಿಲ್ಲ. ಟ್ಯಾಂಕ್‌ನಿಂದ ಇಳಿಯುವ ಪೈಪ್‌ಗಳ ವಾಲ್ವ್‌ಗಳಲ್ಲಿ ದಿನಕ್ಕೊಂದನ್ನು, ಆ ಸಾಲಿನ ಮನೆಯವರಿಗೆ ಮೊದಲೇ ಹೇಳಿ, ರಾತ್ರಿ ಮುಚ್ಚಿ ಅಳೆಯಬೇಕು. ಯಾವುದನ್ನು ಮುಚ್ಚಿದಾಗ ಮಟ್ಟ ಇಳಿಯುವುದು ನಿಲ್ಲುತ್ತದೋ ತಪ್ಪು ಆ ಸಾಲಿನಲ್ಲಿದೆ. ಆ ಮನೆಗಳ ಫ್ಲಶ್ ಟ್ಯಾಂಕ್‌ಗೆ ಅಡುಗೆ ಬಣ್ಣದ ಕೆಲವು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ವಾಷರ್ ಸವೆದಿದೆ. ಯಾವ ಮನೆಯಲ್ಲೂ ಬಣ್ಣ ಕಾಣದಿದ್ದರೆ ಪೈಪ್ ನೋಡಲು ಪ್ಲಂಬರ್ ಬೇಕು.

ಪ್ರತಿ ದೂರಿಗೂ ಪುಸ್ತಕದಲ್ಲಿ ಬಂದ ಸಮಯ, ಮನೆ ನಂಬರ್, ಮಾಡಿದ್ದೇನು, ದೂರು ಕೊಟ್ಟವರ ಸಹಿ ಇರಲಿ. ಸರಿಯಾಯಿತೆಂದು ಕೇರ್‌ಟೇಕರ್ ತಾನೇ ಬರೆದುಕೊಂಡರೆ ಅದು ಮುಗಿದ ದೂರಲ್ಲ. ಸಂಜೆ ಮಾಲೀಕರ ಗುಂಪಿಗೆ ಹೋಗುವ ವರದಿಗೆ ಎರಡು ಸಾಲು ಸಾಕು: ‘ಎರಡನೇ ಸಾಲು, 203ರ ಫ್ಲಶ್ ವಾಷರ್ ಬದಲಾಯಿಸಿದೆ, ರಸೀದಿ ಇದೆ. ರಾತ್ರಿ ಮತ್ತೆ ಅಳೆದು ಬೆಳಿಗ್ಗೆ ತಿಳಿಸುತ್ತೇನೆ.’