ಜಾಹೀರಾತು ಪರೀಕ್ಷೆ: ಹತ್ತರಲ್ಲಿ ಏಳು ಏಕೆ ಸಾಲದು

ಎರಡು ಜಾಹೀರಾತುಗಳಲ್ಲಿ ಯಾವುದು ಹೆಚ್ಚು ವ್ಯಾಪಾರ ತರುತ್ತದೆ ಎಂದು ತಿಳಿಯಲು ಎರಡನ್ನೂ ಏಕಕಾಲಕ್ಕೆ ಬಿಟ್ಟು ಹೋಲಿಸುವುದಕ್ಕೆ ಜಾಹೀರಾತು ವಲಯದಲ್ಲಿ ಎ/ಬಿ ಟೆಸ್ಟ್ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಸೀರೆ ಮಾರುವ ಒಂದು ಅಂಗಡಿಯಿದೆ ಎಂದುಕೊಳ್ಳೋಣ. ಅದರ ಒಂದು ಜಾಹೀರಾತು ‘ದಸರಾಕ್ಕೆ 10% ರಿಯಾಯಿತಿ’ ಎನ್ನುತ್ತದೆ, ಇನ್ನೊಂದು ‘ಮನೆ ಬಾಗಿಲಿಗೆ ಉಚಿತ ಡೆಲಿವರಿ’ ಎನ್ನುತ್ತದೆ. ಯಾರಿಗೆ ಯಾವುದು ಕಾಣಬೇಕೆಂಬುದನ್ನು ಕಂಪ್ಯೂಟರ್ ಯಾವ ಆಯ್ಕೆಯೂ ಇಲ್ಲದೆ ಹಂಚುತ್ತದೆ. ಎರಡೂ ಸಮನಾದ ಸಂಖ್ಯೆಯ ಜನರಿಗೆ ತಲುಪುತ್ತವೆ. ಮೊದಲ ಹತ್ತು ಆರ್ಡರ್‌ಗಳಲ್ಲಿ ಏಳು ಉಚಿತ ಡೆಲಿವರಿಯಿಂದ, ಮೂರು ರಿಯಾಯಿತಿಯಿಂದ ಬಂದಿವೆ. ಒಂದರ ಮಾರಾಟ ಇನ್ನೊಂದರ ಎರಡು ಪಟ್ಟಿಗಿಂತ ಹೆಚ್ಚು! ರಿಯಾಯಿತಿಯ ಜಾಹೀರಾತನ್ನು ಕಿತ್ತುಹಾಕಲು ಇಷ್ಟು ಸಾಕೆ?

ಇದಕ್ಕೆ ಉತ್ತರ ಹುಡುಕುವಾಗ ಸಂಖ್ಯಾಶಾಸ್ತ್ರ ಮೊದಲು ಉಲ್ಟಾ ಕಡೆಯಿಂದ ಯೋಚಿಸುತ್ತದೆ. ಎರಡು ಜಾಹೀರಾತುಗಳಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ ಎಂದಿಟ್ಟುಕೊಂಡರೆ, ಪ್ರತಿ ಆರ್ಡರೂ ಒಂದು ನಾಣ್ಯದ ಚಿಮ್ಮಿಕೆ: ಅರ್ಧ ಅವಕಾಶ ಈ ಕಡೆಗೆ, ಅರ್ಧ ಆ ಕಡೆಗೆ. ಹತ್ತು ಬಾರಿ ಚಿಮ್ಮಿದಾಗ ಬರಬಹುದಾದ ಸರಣಿಗಳು ಒಟ್ಟು 1,024. ಅವುಗಳಲ್ಲಿ ಯಾವುದಾದರೂ ಒಂದು ಕಡೆಗೆ ಏಳು ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸರಣಿಗಳು 352, ಅಂದರೆ ಶೇ. 34. ಏನೂ ವ್ಯತ್ಯಾಸವಿಲ್ಲದ ಜಾಹೀರಾತುಗಳೂ ಮೂರು ಬಾರಿಯಲ್ಲಿ ಒಂದು ಬಾರಿ ಇಷ್ಟು ದೊಡ್ಡ ಅಂತರ ತೋರಿಸುತ್ತವೆ ಎಂದಾಯಿತು. 8-2 ಅಥವಾ ಅದಕ್ಕಿಂತ ದೊಡ್ಡ ಅಂತರವೂ ಶೇ. 11ರಷ್ಟು ಸಲ ಬರೀ ಆಕಸ್ಮಿಕವಾಗಿ ಬರುತ್ತದೆ. 9-1 ಬಂದಾಗ ಮಾತ್ರ ಆ ಪ್ರಮಾಣ ಶೇ. 2ರ ಆಸುಪಾಸಿಗೆ ಇಳಿಯುತ್ತದೆ.

ಹೀಗೆ ಲೆಕ್ಕ ಹಾಕಿದ ಪ್ರಮಾಣವೇ ಪಿ-ಮೌಲ್ಯ. ಅದು ಶೇ. 5ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶವನ್ನು ‘ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ್ದು’ ಎಂದು ಕರೆಯುವುದು ರೂಢಿ. ಈ ಶೇ. 5ರ ಗೆರೆಯನ್ನು ಜನಪ್ರಿಯಗೊಳಿಸಿದ್ದು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಪ್ರಕಟಿಸಿದ ಪುಸ್ತಕ. ಅದು ಪ್ರಕೃತಿಯ ನಿಯಮವೇನಲ್ಲ, ಅನುಕೂಲಕ್ಕೆ ಎಳೆದುಕೊಂಡ ಗೆರೆ. ಜಾಹೀರಾತು ಡ್ಯಾಶ್‌ಬೋರ್ಡ್‌ಗಳು ಇದನ್ನೇ ತಿರುಗಿಸಿ ‘95% ಖಚಿತ’ ಎಂದು ತೋರಿಸುವುದುಂಟು. ಈ ಜಾಹೀರಾತು ಗೆಲ್ಲುವ ಸಾಧ್ಯತೆ ಶೇ. 95 ಎಂದು ಅದನ್ನು ಓದಿಕೊಂಡರೆ ತಪ್ಪಾಗುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಂತರ ನೂರಕ್ಕೆ ಐದಕ್ಕಿಂತ ಹೆಚ್ಚು ಸಲ ಕಾಣಿಸುತ್ತಿರಲಿಲ್ಲ ಎಂಬುದಷ್ಟೇ ಅದರ ಅರ್ಥ.

ಅನುಪಾತ ಅದೇ ಇದ್ದರೂ ಎಣಿಕೆ ಹೆಚ್ಚಾದಂತೆ ತೀರ್ಪು ಬದಲಾಗುತ್ತದೆ. ವ್ಯತ್ಯಾಸವಿಲ್ಲದಿದ್ದರೆ ನೂರು ಆರ್ಡರ್‌ಗಳಲ್ಲಿ 70-30 ಅಥವಾ ಅದಕ್ಕಿಂತ ದೊಡ್ಡ ಅಂತರ ಬರುವ ಪ್ರಮಾಣ ಲಕ್ಷಕ್ಕೆ ಸುಮಾರು 8 ಮಾತ್ರ. ಅಲ್ಲಿ 61-39 ಬಂದರೇ ಗೆರೆ ದಾಟುತ್ತದೆ.

ಇಲ್ಲಿಯವರೆಗಿನ ಲೆಕ್ಕಕ್ಕೆಲ್ಲ ಒಂದು ಷರತ್ತಿದೆ. ಎಷ್ಟು ಆರ್ಡರ್ ಬಂದ ಮೇಲೆ ನೋಡುವುದೆಂದು ಮೊದಲೇ ನಿರ್ಧಾರವಾಗಿರಬೇಕು, ಮತ್ತು ಒಂದೇ ಸಲ ನೋಡಬೇಕು. ವ್ಯವಹಾರದಲ್ಲಿ ಹೀಗೆ ನಡೆಯುವುದು ಅಪರೂಪ. ಬೆಳಗ್ಗೆ ಎದ್ದು ಡ್ಯಾಶ್‌ಬೋರ್ಡ್ ತೆರೆಯುವುದು, ಹಸಿರು ಬಣ್ಣ ಕಂಡ ದಿನ ಪರೀಕ್ಷೆ ನಿಲ್ಲಿಸಿ ಗೆದ್ದ ಜಾಹೀರಾತನ್ನು ಘೋಷಿಸುವುದು, ಕಾಣದಿದ್ದರೆ ‘ಇನ್ನೊಂದೆರಡು ದಿನ ನೋಡೋಣ’ ಎನ್ನುವುದು, ಇದೇ ವಾಡಿಕೆ.

ಇದರಿಂದಾಗುವ ಹಾನಿಯನ್ನು ಹನ್ನೆರಡೇ ಆರ್ಡರ್‌ಗಳಲ್ಲಿ ಪೂರ್ತಿ ಎಣಿಸಿ ನೋಡಬಹುದು. ಜಾಹೀರಾತುಗಳು ನಿಜಕ್ಕೂ ಸಮ ಎಂದೇ ಇಟ್ಟುಕೊಳ್ಳೋಣ. ಅಂಗಡಿಯವರು 6, 9 ಮತ್ತು 12 ಆರ್ಡರ್ ಆದಾಗ, ಹೀಗೆ ಮೂರು ಸಲ ನೋಡುತ್ತಾರೆ. 6-0 ಆದರೆ ಪಿ-ಮೌಲ್ಯ ಶೇ. 3.1, 8-1 ಆದರೆ ಶೇ. 3.9, 10-2 ಆದರೂ ಶೇ. 3.9. ಪ್ರತಿ ನೋಟವನ್ನೂ ಬಿಡಿಯಾಗಿ ತೆಗೆದುಕೊಂಡರೆ ಅದು ಶೇ. 5ರ ಗೆರೆಯೊಳಗೇ ಇದೆ, ಯಾರೂ ಆಕ್ಷೇಪಿಸುವಂತಿಲ್ಲ.

ಹನ್ನೆರಡು ಆರ್ಡರ್‌ಗಳಿಗೆ ಸಾಧ್ಯವಿರುವ ಸರಣಿಗಳು 4,096. ಮೊದಲ ನೋಟದಲ್ಲೇ 6-0 ಆಗಿ ನಿಲ್ಲುವವು 128. ಅಲ್ಲಿ ಪಾರಾಗಿ ಎರಡನೆಯ ನೋಟದಲ್ಲಿ ಸಿಕ್ಕಿಬೀಳುವವು 96, ಮೂರನೆಯದರಲ್ಲಿ 66. ಒಟ್ಟು 290 ಸರಣಿಗಳಲ್ಲಿ, ಅಂದರೆ ಶೇ. 7ರಷ್ಟು ಸಲ, ಇಲ್ಲದ ಗೆಲುವು ಘೋಷಣೆಯಾಗುತ್ತದೆ. ಕೊನೆಯವರೆಗೆ ಕಾದು ಒಂದೇ ಸಲ ನೋಡಿದ್ದರೆ ಹೀಗಾಗುತ್ತಿದ್ದದ್ದು 158 ಸರಣಿಗಳಲ್ಲಿ ಮಾತ್ರ. ಉಳಿದ 132 ಸರಣಿಗಳಲ್ಲಿ ಆರಂಭದ ಮುನ್ನಡೆ ಹನ್ನೆರಡನೆಯ ಆರ್ಡರ್ ಹೊತ್ತಿಗೆ ಕರಗಿಹೋಗುತ್ತಿತ್ತು. ಆದರೆ ಪರೀಕ್ಷೆ ಆಗಲೇ ನಿಂತಿರುವುದರಿಂದ ಅದು ಕರಗಿದ್ದನ್ನು ಯಾರೂ ನೋಡುವುದಿಲ್ಲ. ಮೋಸವಿರುವುದು ಇಲ್ಲೇ: ಮುಂದಿರುವಾಗ ಪರೀಕ್ಷೆ ನಿಲ್ಲುತ್ತದೆ, ಹಿಂದಿರುವಾಗ ಮುಂದುವರಿಯುತ್ತದೆ.

ದೊಡ್ಡ ಪರೀಕ್ಷೆಗಳಲ್ಲಿ ಇದೇ ದೋಷ ಇನ್ನೂ ಬೆಳೆಯುತ್ತದೆ. ಪೀಟರ್ ಆರ್ಮಿಟೇಜ್ ಮತ್ತು ಸಂಗಡಿಗರು 1969ರಲ್ಲಿ ಇದರ ಲೆಕ್ಕ ಪ್ರಕಟಿಸಿದರು. ಸಮಾನ ಅಂತರದಲ್ಲಿ ಐದು ಸಲ ನೋಡಿದರೆ ಶೇ. 5 ಇರಬೇಕಾದ ತಪ್ಪು ಶೇ. 14ಕ್ಕೆ, ಹತ್ತು ಸಲ ನೋಡಿದರೆ ಶೇ. 19ಕ್ಕೆ, ಇಪ್ಪತ್ತು ಸಲ ನೋಡಿದರೆ ಶೇ. 25ಕ್ಕೆ ಏರುತ್ತದೆ. ಕೊನೆಯೇ ಇಲ್ಲದೆ ನೋಡುತ್ತಾ ಹೋದರೆ, ಒಂದಲ್ಲ ಒಂದು ದಿನ ‘ಗೆಲುವು’ ಸಿಗುವುದು ಗಣಿತದ ಪ್ರಕಾರ ಖಂಡಿತ.

ಎರಡು ಜಾಹೀರಾತುಗಳ ನಡುವೆ ನಿಜವಾದ ವ್ಯತ್ಯಾಸ ಇದ್ದಾಗಲೂ ಅವಸರ ದಾರಿ ತಪ್ಪಿಸುತ್ತದೆ. ಉಚಿತ ಡೆಲಿವರಿ ನಿಜಕ್ಕೂ ಹತ್ತರಲ್ಲಿ ಆರು ಆರ್ಡರ್ ತರುತ್ತದೆ, ಅಂದರೆ ರಿಯಾಯಿತಿಗಿಂತ ಒಂದೂವರೆ ಪಟ್ಟು ಮೇಲು ಎನ್ನೋಣ. ಮೇಲಿನ ಮೂರು ನೋಟಗಳಲ್ಲಿ ಎಲ್ಲೇ ನಿಲ್ಲಬೇಕಾದರೂ ಕನಿಷ್ಠ 10-2 ಬರಬೇಕು, ಅದು ಐದು ಪಟ್ಟು. ಬೇಗ ಗೆದ್ದ ಜಾಹೀರಾತು ತನ್ನ ನಿಜ ಬಲಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸಿಯೇ ಗೆದ್ದಿರುತ್ತದೆ. ಆ ಅಂಕಿ ನಂಬಿ ಸರಕು ತರಿಸಿದ ಅಂಗಡಿಗೆ ಮುಂದಿನ ತಿಂಗಳು ಮಾರಾಟ ಕುಸಿದಂತೆ ಕಾಣುತ್ತದೆ; ಕುಸಿದದ್ದು ಏನೂ ಇಲ್ಲ, ಅಷ್ಟು ಎತ್ತರ ಎಂದೂ ಇರಲೇ ಇಲ್ಲ.

ನಡುವೆ ನೋಡಲೇಬೇಕೆಂದರೆ ಅದಕ್ಕೂ ವಿಧಾನವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಅಬ್ರಹಾಂ ವಾಲ್ಡ್, ಪ್ರತಿ ಫಲಿತಾಂಶ ಬಂದಾಗಲೂ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ತೀರ್ಮಾನಿಸುವ ಕ್ರಮವನ್ನು ರೂಪಿಸಿದರು. (ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದ ಅವರು 1950ರಲ್ಲಿ ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು.) ಈ ಜಾತಿಯ ವಿಧಾನಗಳೆಲ್ಲ ಪದೇ ಪದೇ ನೋಡುವುದಕ್ಕೆ ಬೆಲೆ ಕೇಳುತ್ತವೆ. 1977ರಲ್ಲಿ ಸ್ಟುವರ್ಟ್ ಪೊಕಾಕ್ ಕೊಟ್ಟ ಲೆಕ್ಕದಂತೆ, ಐದು ಸಲ ನೋಡಿಯೂ ಒಟ್ಟು ತಪ್ಪು ಶೇ. 5ರಲ್ಲೇ ಇರಬೇಕಾದರೆ ಪ್ರತಿ ನೋಟದ ಗೆರೆಯನ್ನು ಸುಮಾರು ಶೇ. 1.6ಕ್ಕೆ ಇಳಿಸಬೇಕು.

ಸಣ್ಣ ವ್ಯಾಪಾರಿಗೆ ಸುಲಭವಾದದ್ದು ಮೊದಲೇ ಎಣಿಕೆ ಗೊತ್ತುಮಾಡಿಕೊಂಡು ಕಾಯುವ ಹಾದಿ. ನಿಜವಾದ ವ್ಯತ್ಯಾಸ 60-40 ಇದ್ದರೆ, ಐದರಲ್ಲಿ ನಾಲ್ಕು ಸಲವಾದರೂ ಅದನ್ನು ಹಿಡಿಯಲು ಸುಮಾರು 200 ಆರ್ಡರ್ ಬೇಕು. ವ್ಯತ್ಯಾಸ 55-45 ಇದ್ದರೆ ಬೇಕಾಗುವುದು 800ರ ಆಸುಪಾಸು. ಅಂತರ ಅರ್ಧವಾದರೆ ಎಣಿಕೆ ನಾಲ್ಕು ಪಟ್ಟಾಗುತ್ತದೆ. ತಿಂಗಳಿಗೆ ನೂರು ಆರ್ಡರ್ ಬರುವ ಅಂಗಡಿಗೆ ಮೊದಲನೆಯದಕ್ಕೆ ಎರಡು ತಿಂಗಳು, ಎರಡನೆಯದಕ್ಕೆ ಎಂಟು ತಿಂಗಳು ಹಿಡಿಯುತ್ತದೆ. ಎಂಟು ತಿಂಗಳಲ್ಲಿ ದಸರಾ, ದೀಪಾವಳಿ, ಯುಗಾದಿ ಎಲ್ಲ ಮುಗಿದು ಗಿರಾಕಿಗಳ ಬೇಡಿಕೆಯೇ ಬದಲಾಗಿರುತ್ತದೆ. ಅಂತಹ ಅಂಗಡಿ ಅಷ್ಟು ಸಣ್ಣ ವ್ಯತ್ಯಾಸದ ಪರೀಕ್ಷೆಗೆ ಕೈಹಾಕದೆ, ತನಗೆ ಸರಿಕಂಡ ಜಾಹೀರಾತನ್ನೇ ಹಾಕಿಕೊಳ್ಳುವುದು ಮೇಲು.