ಸೆಲೆಕ್ಷನ್ ಆಯ್ತು, ಮೆಡಿಕಲ್‌ಗೆ, ಪೊಲೀಸ್ ವೆರಿಫಿಕೇಷನ್‌ಗೆ ಏನು ಕೊಡಬೇಕು, ಯಾವಾಗ ಕೊಡಬೇಕು?

ಮಳವಳ್ಳಿ ಕಡೆಯ ಕೇಳುಗರೊಬ್ಬರ ಪ್ರಶ್ನೆಯಿಂದಲೇ ಶುರು ಮಾಡೋಣ. "ಅಣ್ಣಾ, ಸರ್ಕಾರಿ ಕೆಲಸದ ಲಿಸ್ಟ್‌ನಲ್ಲಿ ಹೆಸರು ಬಂದದೆ. ಮೆಡಿಕಲ್‌ಗೆ, ಪೊಲೀಸ್ ವೆರಿಫಿಕೇಷನ್‌ಗೆ ನಾನೇ ಓಡಾಡ್ಬೇಕಾ? ಎಷ್ಟು ದಿನ ಟೈಮ್ ಇರುತ್ತೆ?"

ಮೊದಲು ಟೈಮ್ ವಿಷಯ. ಎಲ್ಲಾ ಇಲಾಖೆಗೂ ಒಂದೇ ಗಡುವು ಅಂತ ಇಲ್ಲ. ನೇಮಕಾತಿ ಪ್ರಾಧಿಕಾರದಿಂದ ನಿಮಗೆ ಬರುವ ಪತ್ರದಲ್ಲಿ ಏನು ಬರೆದಿದೆಯೋ ಅದೇ ಗಡುವು. ಅದನ್ನ ಓದುವಾಗ ಒಂದು ಮಾತು ಗಮನಿಸಿ: "ಪತ್ರದ ದಿನಾಂಕದಿಂದ" ಅಂತಿದೆಯೋ, "ಪತ್ರ ತಲುಪಿದ ದಿನದಿಂದ" ಅಂತಿದೆಯೋ? ಮೊದಲನೆಯದಾದರೆ ಅಂಚೆಯಲ್ಲಿ ಕಳೆದ ದಿನಗಳೂ ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. ಎರಡನೆಯದಾದರೆ ಅಂಚೆ ಮುದ್ರೆ ಇರುವ ಕವರ್ ಎಸೀಬೇಡಿ. ದಾಖಲೆಯನ್ನ ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಇನ್ನು ಮೆಡಿಕಲ್. ಪತ್ರ ಬರೋಕ್ಕೆ ಮುಂಚೆ ಸ್ವಂತ ದುಡ್ಡಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿಕೊಂಡು ಕೂರಬೇಡಿ. ಯಾವ ವೈದ್ಯಾಧಿಕಾರಿಯ ಮುಂದೆ ಹೋಗಬೇಕು ಅಂತ ಪತ್ರವೇ ಹೇಳುತ್ತೆ. ಜಿಲ್ಲಾ ಆಸ್ಪತ್ರೆ ಅಂದಿದ್ದರೆ ನಮ್ಮ ಜಿಲ್ಲೆಯವರಿಗೆ ಅದು ಮಂಡ್ಯದ ಮಿಮ್ಸ್. ಮದ್ದೂರು ಅಥವಾ ಮಳವಳ್ಳಿ ತಾಲ್ಲೂಕು ಆಸ್ಪತ್ರೆ ಮನೆಗೆ ಹತ್ತಿರ ಅಂತ ಅಲ್ಲಿಂದ ತಂದರೆ ವಾಪಸ್ ಕಳಿಸಬಹುದು. ಮೂಲ ಪತ್ರ, ಗುರುತಿನ ಚೀಟಿ, ಫೋಟೋ ತಗೊಂಡು ಹೋಗಿ. ಕನ್ನಡಕ ಇದ್ದರೆ ಅದೂ, ಅದರ ಚೀಟಿಯೂ ಜೊತೆಗಿರಲಿ. ದೇಹದ ಮೇಲಿನ ಗುರುತು, ಅಂದರೆ ಮಚ್ಚೆಯೋ ಗಾಯದ ಕಲೆಯೋ, ಅರ್ಜಿಯಲ್ಲಿ ಯಾವುದನ್ನ ಬರೆದಿದ್ದೀರೋ ಅದನ್ನೇ ಇಲ್ಲೂ ತೋರಿಸಿ.

ಹುಡುಗರು ಎಡವೋದು ಮಾತ್ರ ಪೊಲೀಸ್ ವೆರಿಫಿಕೇಷನ್‌ನಲ್ಲಿ. ಇಲ್ಲಿ ನೀವು ಕೊಡಬೇಕಾದ್ದು ಪೊಲೀಸರ ಸರ್ಟಿಫಿಕೇಟ್ ಅಲ್ಲ, ದೃಢೀಕರಣ ನಮೂನೆ. ಅದನ್ನ ನೀವು ತುಂಬಿ ಇಲಾಖೆಗೆ ಕೊಡ್ತೀರಿ. ಇಲಾಖೆ ಎಸ್‌ಪಿ ಕಚೇರಿಗೆ ಬರೆಯುತ್ತೆ, ಅಲ್ಲಿಂದ ನಿಮ್ಮೂರಿನ ಠಾಣೆಗೆ ಬರುತ್ತೆ. ಸೇವಾ ಸಿಂಧುವಿನಲ್ಲಿ ನಾವೇ ಅರ್ಜಿ ಹಾಕಿ ಪಡೆಯೋ ಸರ್ಟಿಫಿಕೇಟ್ ಬೇರೆ. ಇಲಾಖೆ ಕೇಳದೆ ಅದನ್ನ ತಂದರೂ ಈ ವರದಿ ಬರೋದು ತಪ್ಪಲ್ಲ.

ಒಬ್ಬ ಹುಡುಗನನ್ನ ಊಹಿಸಿಕೊಳ್ಳಿ. ಊರು ಮಳವಳ್ಳಿ ತಾಲ್ಲೂಕು. ಕೋಚಿಂಗ್‌ಗೆ ಅಂತ ಎರಡು ವರ್ಷ ಬೆಂಗಳೂರಿನ ಪಿಜಿಯಲ್ಲಿದ್ದ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ರಸ್ತೆ ತಡೆದಾಗ ಗುಂಪಿನ ಜೊತೆ ಅವನ ಹೆಸರಲ್ಲೂ ಒಂದು ಕೇಸ್ ಬಿತ್ತು. ನಮೂನೆಯಲ್ಲಿ ಕಳೆದ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ವಿಳಾಸಗಳನ್ನ ಕೇಳಿದ್ದಾರೆ. ಹಾಗಾದರೆ ಪಿಜಿ ವಿಳಾಸವನ್ನೂ ಬರೆಯಲೇಬೇಕು. ಎರಡು ಕಡೆಯಿಂದ ವರದಿ ಬರಬೇಕಾಗಿ ಸ್ವಲ್ಪ ತಡವಾದರೂ ಪರವಾಗಿಲ್ಲ.

ಮುಂದಿನ ಕಾಲಂ: "ನಿಮ್ಮ ಮೇಲೆ ಯಾವುದಾದರೂ ಪ್ರಕರಣ ದಾಖಲಾಗಿದೆಯೇ?" ಅವನ ಕೈ ನಡುಗೋದು ಇಲ್ಲೇ. ಊರಲ್ಲಿ ಹೇಳೋ ಸಲಹೆ ಗೊತ್ತಲ್ಲ: "ನೀರಿನ ಕೇಸ್ ಕಣ್ಲಾ, 'ಇಲ್ಲ' ಅಂತ ಬರಿ." ಬರೀಬೇಡಿ. ಠಾಣೆಯ ದಾಖಲೆಯಲ್ಲಿ ಅದು ಸಿಕ್ಕಾಗ ಕೇಸ್‌ಗಿಂತ ನೀವು ಬರೆದ "ಇಲ್ಲ" ಅನ್ನೋದೇ ದೊಡ್ಡ ತಪ್ಪಾಗಿ ನಿಲ್ಲುತ್ತೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ, ಕೇಸ್ ಬಗ್ಗೆ ಕೊಡುವ ಮಾಹಿತಿ ನಿಜವಾಗಿರಬೇಕು ಅಂತ ಹೇಳಿತು. ಚಿಕ್ಕ ವಯಸ್ಸಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣ ಮುಚ್ಚಿಟ್ಟಿದ್ದರೆ ಉದ್ಯೋಗದಾತರು ಬೇಕಾದರೆ ಅದನ್ನ ಕ್ಷಮಿಸಬಹುದು ಅಂತಲೂ ಹೇಳಿತು. ಆದರೆ ಕ್ಷಮಿಸೋದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ನಿಜ ಬರೆದರೂ ನಿಮ್ಮ ಹಿನ್ನೆಲೆ ಪರಿಶೀಲಿಸೋ ಅಧಿಕಾರ ಅವರಿಗೆ ಇದ್ದೇ ಇರುತ್ತೆ.

ಹಾಗಾಗಿ ಈ ಹುಡುಗ "ಹೌದು" ಅಂತ ಬರೆದು ಠಾಣೆಯ ಹೆಸರು, ಅಪರಾಧ ಸಂಖ್ಯೆ, ಕಲಂ, ಈಗಿನ ಸ್ಥಿತಿ ಕೊಡಬೇಕು. ಕೇಸ್ ವಜಾ ಆಗಿದ್ದರೆ, ಸರ್ಕಾರ ವಾಪಸ್ ಪಡೆದಿದ್ದರೆ, ಪೊಲೀಸರು ಬಿ ರಿಪೋರ್ಟ್ ಹಾಕಿದ್ದರೆ ಅದೂ "ಇಲ್ಲ" ಅಲ್ಲ; "ಇತ್ತು, ಹೀಗೆ ಮುಗಿಯಿತು" ಅಂತ ಬರೆದು ಆದೇಶದ ದೃಢೀಕೃತ ಪ್ರತಿ ಲಗತ್ತಿಸಬೇಕು. ಈ ಪ್ರತಿಗೆ ಕೇಸ್ ನಡೆದ ಕೋರ್ಟ್‌ನಲ್ಲೇ ಅರ್ಜಿ ಹಾಕಬೇಕು, ಕೈಗೆ ಸಿಗೋಕ್ಕೆ ದಿನ ಹಿಡಿಯುತ್ತೆ. ಆದ್ದರಿಂದ ಪತ್ರಕ್ಕೆ ಕಾಯಬೇಡಿ, ಲಿಸ್ಟ್‌ನಲ್ಲಿ ಹೆಸರು ಬಂದ ದಿನವೇ ಹಾಕಿ. ಕೇಸ್ ಎಲ್ಲಿಗೆ ಬಂತು ಅಂತ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರಿಂದ ಹುಡುಕಬಹುದು. ಗಡುವಿನೊಳಗೆ ಪ್ರತಿ ಸಿಗದಿದ್ದರೆ ಅರ್ಜಿ ಹಾಕಿದ ರಸೀದಿಯನ್ನೇ ಇಟ್ಟು ನಮೂನೆ ಕೊಟ್ಟುಬಿಡಿ, ಪ್ರತಿಯನ್ನ ಆಮೇಲೆ ಸಲ್ಲಿಸ್ತೀನಿ ಅಂತ ಬರೆದುಕೊಡಿ.

ವರದಿ ಬರಲೇ ಇಲ್ಲ ಅಂದರೆ ಸೀದಾ ಠಾಣೆಗೆ ಓಡಬೇಡಿ. ಮೊದಲು ಇಲಾಖೆಯಲ್ಲಿ ಎಸ್‌ಪಿ ಕಚೇರಿಗೆ ಬರೆದ ಪತ್ರದ ಸಂಖ್ಯೆ, ದಿನಾಂಕ ಕೇಳಿ. ಆ ಸಂಖ್ಯೆ ಹಿಡಿದುಕೊಂಡು ಹೋದರೆ ಫೈಲ್ ಎಸ್‌ಪಿ ಕಚೇರಿಯಲ್ಲಿದೆಯೋ, ಠಾಣೆಯಲ್ಲಿದೆಯೋ, ಇಲಾಖೆಯಿಂದ ಹೊರಟೇ ಇಲ್ಲವೋ ಗೊತ್ತಾಗುತ್ತೆ.